ಮೊಸರು ತಿಂದವರು ಯಾರು?

1979ರಲ್ಲಿ ಬ್ರಿಟನ್ನಿನ ಕೈಗಾರಿಕಾ ಸಚಿವ ಕೀತ್ ಜೋಸೆಫ್ ಇಲಾಖೆಗೆ ಬಂದವರೇ ತಮ್ಮ ಅಧಿಕಾರಿಗಳ ಕೈಗೆ ಓದಬೇಕಾದ ಪುಸ್ತಕಗಳ ಪಟ್ಟಿಯೊಂದನ್ನು ಕೊಟ್ಟರು. ಅದರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಿಸ್ಕನೆನ್ ಬರೆದ ಕಿರುಹೊತ್ತಿಗೆಯೂ ಇತ್ತು. ಅಧಿಕಾರಿಗೆ ಜನಸೇವೆಗಿಂತ ತನ್ನ ಇಲಾಖೆಯ ಬಜೆಟ್ಟೇ ಮುಖ್ಯ ಅನ್ನುವುದು ನಿಸ್ಕನೆನ್ ವಾದ. ಬಜೆಟ್ ಬೆಳೆದರೆ ಕೆಳಗಿನ ಸಿಬ್ಬಂದಿ, ಬಡ್ತಿ, ದರ್ಬಾರು ಎಲ್ಲವೂ ಬೆಳೆಯುತ್ತದೆ. ಕೆಲಸಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಅನ್ನುವುದು ಗೊತ್ತಿರುವುದು ಅವನಿಗೊಬ್ಬನಿಗೇ. ದುಡ್ಡು ಮಂಜೂರು ಮಾಡುವವರಿಗೆ ಗೊತ್ತಿಲ್ಲ. ಹಾಗಾಗಿ ಇಲಾಖೆ ಬೇಕಾದದ್ದಕ್ಕಿಂತ ಎರಡು ಪಟ್ಟು ಊದಿಕೊಳ್ಳಬಹುದು ಅಂತ ಅವರ ಲೆಕ್ಕ ಹೇಳಿತು.

ಮನೆಗೆ ಬಂದ ಹೊಸ ಯಜಮಾನ ಅಡುಗೆಯವನಿಗೆ ‘ಅಡುಗೆಯವರು ತುಪ್ಪ ಕದಿಯುವ ವಿಧಾನ’ ಅನ್ನೋ ಪುಸ್ತಕ ಉಡುಗೊರೆ ಕೊಟ್ಟ ಹಾಗಾಯಿತು ಇದು. ಅಡುಗೆಯವನು ನಮ್ರವಾಗಿ ಓದಿರುತ್ತಾನೆ, ಅನುಮಾನ ಬೇಡ.

ಆದರೆ ನಿಸ್ಕನೆನ್ ಸೇರಿದ್ದ ‘ಪಬ್ಲಿಕ್ ಚಾಯ್ಸ್’ ಅನ್ನುವ ಅರ್ಥಶಾಸ್ತ್ರ ಪಂಥದ ಹಿರಿಯರಾದ ಜೇಮ್ಸ್ ಬುಕಾನನ್ ಮತ್ತು ಗೋರ್ಡನ್ ಟಲ್ಲಾಕ್ 1962ರಲ್ಲೇ ಹೇಳಿದ್ದು ಬರೀ ಅಧಿಕಾರಿಯ ಬಗ್ಗೆ ಅಲ್ಲ. ಮಾರುಕಟ್ಟೆಯಲ್ಲಿ ಲಾಭ ನೋಡುವ ಮನುಷ್ಯ ರಾಜಕೀಯಕ್ಕೆ ಬಂದ ಕೂಡಲೇ ಸಂತನಾಗುವುದಿಲ್ಲ ಅಂದರು. ಮತದಾರನಿಗೂ ಸ್ವಾರ್ಥ, ಅಧಿಕಾರಿಗೂ ಸ್ವಾರ್ಥ, ಮಂತ್ರಿಗೂ ಸ್ವಾರ್ಥ. ಮಂತ್ರಿಗಳು ಭಕ್ತಿಯಿಂದ ಓದಿದರು. ಮೂರನೆಯದು ಬರುವ ಹೊತ್ತಿಗೆ ನಿದ್ದೆ ಬಂದಿರಬೇಕು.

ರೋಗ ಗೊತ್ತಾದ ಮೇಲೆ ಮದ್ದೂ ಬೇಕಲ್ಲ. ದೊಡ್ಡ ಇಲಾಖೆಯನ್ನು ಒಡೆಯಿರಿ, ಗುರಿ ಕೊಡಿ, ಸಂಬಳವನ್ನು ಫಲಿತಾಂಶಕ್ಕೆ ಕಟ್ಟಿ. ಕಂಪನಿಗಳ ಆಡಳಿತದಿಂದಲೂ ಒಂದಷ್ಟು ಎರವಲು ತಂದು, 1988ರಲ್ಲಿ ಥ್ಯಾಚರ್ ಸರ್ಕಾರ ‘ನೆಕ್ಸ್ಟ್ ಸ್ಟೆಪ್ಸ್’ ಯೋಜನೆ ಶುರು ಮಾಡಿತು. ನೀತಿ ರೂಪಿಸುವುದು ಮಂತ್ರಿಯ ಕೆಲಸ. ಜಾರಿ ಮಾಡುವುದು ಬೇರೆ ಏಜೆನ್ಸಿಯ ಕೆಲಸ, ಅದಕ್ಕೊಬ್ಬ ಮುಖ್ಯ ಕಾರ್ಯನಿರ್ವಾಹಕ. ಸುಮಾರು ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸರ್ಕಾರಿ ನೌಕರರು ಏಜೆನ್ಸಿಗಳಿಗೆ ಹೋಗಿದ್ದರು.

ದೊಡ್ಡ ಸಾಹೇಬರು ಪ್ರತಿಭಟಿಸಲಿಲ್ಲವೇ? ಅಷ್ಟೇನೂ ಇಲ್ಲ. ಪ್ಯಾಟ್ರಿಕ್ ಡನ್ಲೀವಿ ಎಂಬ ವಿದ್ವಾಂಸರು 1991ರಲ್ಲಿ ಇದಕ್ಕೆ ಕಾರಣ ಕೊಟ್ಟರು. ಮೇಲಿನ ಅಧಿಕಾರಿಗೆ ಬೇಕಾದದ್ದು ದೊಡ್ಡ ಬಜೆಟ್ ಅಲ್ಲ, ಮಂತ್ರಿಯ ಪಕ್ಕದ ಕುರ್ಚಿ ಮತ್ತು ತಲೆನೋವಿಲ್ಲದ ಕೆಲಸ. ಕೌಂಟರು, ಕ್ಯೂ, ಜೈಲು, ಬೈಗುಳ ಎಲ್ಲ ಏಜೆನ್ಸಿಗೆ ಹೋದರೆ ಒಳ್ಳೆಯದೇ ಆಯಿತಲ್ಲ! ಸ್ವಾರ್ಥಿಗಳಿಗೆ ಕಡಿವಾಣ ಹಾಕಲು ಹೋದ ಸುಧಾರಣೆ ಅವರ ಸ್ವಾರ್ಥಕ್ಕೇ ಸರಿಹೊಂದಿತು.

ಈಗ ಜೈಲಿಗೆ ಬರೋಣ. 1993ರಲ್ಲಿ ಕಾರಾಗೃಹ ಸೇವೆಯೂ ಏಜೆನ್ಸಿಯಾಯಿತು. ಅದರ ಮುಖ್ಯಸ್ಥ ಡೆರೆಕ್ ಲೂಯಿಸ್ ಟಿ.ವಿ. ಉದ್ಯಮದಿಂದ ಬಂದವರು. 1995ರ ಜನವರಿಯಲ್ಲಿ ಪಾರ್ಕ್‌ಹರ್ಸ್ಟ್ ಜೈಲಿನಿಂದ ಮೂವರು ಕೈದಿಗಳು ತಪ್ಪಿಸಿಕೊಂಡರು. ಬೀಗದ ಕೈಯನ್ನೂ ಏಣಿಯನ್ನೂ ಜೈಲಿನೊಳಗೇ ಮಾಡಿಕೊಂಡಿದ್ದರು. ಕೆಲವೇ ದಿನದಲ್ಲಿ ಸಿಕ್ಕಿಬಿದ್ದರು, ಪಾಪ.

ಗೃಹ ಸಚಿವ ಮೈಕಲ್ ಹೊವಾರ್ಡ್ ಸಂಸತ್ತಿನಲ್ಲಿ ಹೇಳಿದ್ದರ ಸಾರ ಇಷ್ಟು: ನೀತಿ ನನ್ನದು, ನಿರ್ವಹಣೆ ಲೂಯಿಸರದು, ಕೈದಿಗಳು ಓಡಿಹೋದದ್ದು ನಿರ್ವಹಣೆಯಲ್ಲಿ. ಅಕ್ಟೋಬರಿನಲ್ಲಿ ಲೂಯಿಸರನ್ನು ವಜಾ ಮಾಡಿದರು. ಆದರೆ ಅದೇ ಹೊತ್ತಿಗೆ ಬಂದ ಲಿಯರ್ಮಂಟ್ ತನಿಖಾ ವರದಿಯ ಒಂದು ಲೆಕ್ಕ ಓದಿ: 83 ಕೆಲಸದ ದಿನಗಳಲ್ಲಿ ಏಜೆನ್ಸಿಯಿಂದ ಮಂತ್ರಿಗಳಿಗೆ ಹೋದ ಕಾಗದಪತ್ರಗಳು ಸಾವಿರಕ್ಕೂ ಹೆಚ್ಚು. ದಿನಕ್ಕೆ ಹನ್ನೆರಡು! ನಿರ್ವಹಣೆಗೂ ತಮಗೂ ಸಂಬಂಧವಿಲ್ಲದ ಮಂತ್ರಿಗಳಿಗೆ ಓದುವ ಚಟ ಸ್ವಲ್ಪ ಜಾಸ್ತಿಯೇ ಇತ್ತು, ಅಲ್ವಾ? ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಕಥೆ ನಮಗೆ ಗೊತ್ತು. ಬ್ರಿಟನ್ನಿನವರು ಮೇಕೆಗೆ ಮೊದಲು ನೇಮಕಾತಿ ಪತ್ರ ಕೊಟ್ಟು, ಆಮೇಲೆ ಒರೆಸಿದರು. ಲೂಯಿಸ್ ಕೋರ್ಟಿಗೆ ಹೋಗಿ ಪರಿಹಾರ ಪಡೆದರು. ಅದನ್ನು ಕೊಟ್ಟದ್ದು ತೆರಿಗೆದಾರ.

ಹೊವಾರ್ಡ್ ರಾಜೀನಾಮೆ ಕೊಡಲಿಲ್ಲ. ಜೈಲಿನ ಮುಖ್ಯಾಧಿಕಾರಿಯಾದ ಗವರ್ನರನ್ನು ತಕ್ಷಣ ಅಮಾನತು ಮಾಡಿ ಎಂದು ಅವರು ಲೂಯಿಸರ ಮೇಲೆ ಒತ್ತಡ ಹಾಕಿದ್ದರು ಅನ್ನುವುದು ಜಗಳದ ಮೂಲ. 1997ರ ಮೇನಲ್ಲಿ ಟಿ.ವಿ. ಸಂದರ್ಶಕ ಜೆರೆಮಿ ಪ್ಯಾಕ್ಸ್‌ಮನ್ ಇದನ್ನೇ ಹಿಡಿದರು: ‘ಲೂಯಿಸರ ಮಾತನ್ನು ತಳ್ಳಿಹಾಕುತ್ತೇನೆಂದು ಬೆದರಿಸಿದಿರಾ?’ ಒಂದಲ್ಲ, ಹತ್ತಕ್ಕೂ ಹೆಚ್ಚು ಸಲ. ಹೊವಾರ್ಡ್ ಅಷ್ಟೂ ಸಲ ಬೇರೆ ಏನೋ ಹೇಳಿದರು. ಪ್ರಜಾಪ್ರಭುತ್ವದ ಕಾವಲುಗಾರ ಅಂದರೆ ಇವರಪ್ಪಾ ಅಂತ ಜನ ಪ್ಯಾಕ್ಸ್‌ಮನ್‌ರನ್ನು ಮೆಚ್ಚಿಕೊಂಡರು.

ಆಮೇಲೊಮ್ಮೆ ಪ್ಯಾಕ್ಸ್‌ಮನ್ ಅವರೇ ಹೇಳಿದರು: ಕಾರ್ಯಕ್ರಮದ ಮುಂದಿನ ವಿಡಿಯೊ ಇನ್ನೂ ತಯಾರಾಗಿರಲಿಲ್ಲವಂತೆ, ಸಮಯ ತುಂಬಿಸಬೇಕಿತ್ತಂತೆ.