ಕೆರೆದರೆ ಗೊತ್ತಾಗುತ್ತೆ

ನಿನ್ನೆ ಸಂಜೆ ಪುಸ್ತಕದ ಇತಿಹಾಸದ ಬಗ್ಗೆ ಒಂದು ಭಾಷಣ ಕೇಳಿ ಬಂದೆ, ಬಂದಾಗಿಂದ ಮನಸ್ಸು ಕುದೀತಾ ಇದೆ. ಚೀನಾದಲ್ಲಿ ಕಾಗದ ಹುಟ್ಟಿತು, 751ರಲ್ಲಿ ಮಧ್ಯ ಏಷ್ಯಾದ ತಲಾಸ್ ನದಿ ಹತ್ರ ಅರಬರಿಗೂ ಚೀನೀಯರಿಗೂ ಯುದ್ಧ ಆಯ್ತು, ಸೆರೆ ಸಿಕ್ಕ ಚೀನೀಯರು ಸಮರ್ಕಂದದಲ್ಲಿ ಕಾಗದ ಮಾಡೋದು ಕಲಿಸಿದ್ರು, ಆಮೇಲೆ ಅಚ್ಚುಯಂತ್ರದ ಗುಟೆನ್‌ಬರ್ಗ್ ಬಂದ. ಮುಗೀತು. ನಡುವಿನ ಏಳು ಶತಮಾನ ಒಂದು ಉಸಿರಲ್ಲಿ ಹೋಯ್ತು. ಕಾಗದ ಯಾಕೆ ಗೆದ್ದಿತು ಅಂತ ಒಬ್ಬರು ಕೇಳಿದ್ರೆ "ಅಗ್ಗ ಅಲ್ವಾ" ಅಂತ ಒಂದೇ ಮಾತಿನ ಉತ್ತರ.

ನಮ್ಮನೆ ಜಮೀನಿನ ಲೆಕ್ಕವನ್ನ ಯಾರೋ ಕೆರೆದು ತಿದ್ದಿದ ಕತೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತು, ಹಾಗಾಗಿ ಈ "ಅಗ್ಗ" ಅನ್ನೋ ಮಾತು ನಂಗೆ ಯಾಕೆ ಇಷ್ಟು ಚುಚ್ಚುತ್ತೆ ಅಂತಾನೂ ಅರ್ಥ ಆಗುತ್ತೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಆ ಸೆರೆಯಾಳುಗಳ ಕತೆ. ಅದನ್ನ ಬರೆದಿಟ್ಟವರು ಸಆಲಿಬಿ ಅನ್ನೋ ಲೇಖಕರು, ಅದೂ 11ನೇ ಶತಮಾನದಲ್ಲಿ, ಅಂದ್ರೆ ಯುದ್ಧ ಮುಗಿದು ಇನ್ನೂರೈವತ್ತು ವರ್ಷ ಆದ್ಮೇಲೆ. ಆದ್ರೆ ಚೀನಾದ ಪಶ್ಚಿಮ ಅಂಚಿನ ದುನ್‌ಹುವಾಂಗ್ ಹತ್ರದ ಒಂದು ಹಾಳು ಕಾವಲು ಗೋಪುರದಲ್ಲಿ 1907ರಲ್ಲಿ ಔರೆಲ್ ಸ್ಟೈನ್ ಅನ್ನೋ ಪುರಾತತ್ವ ಶೋಧಕರಿಗೆ ಒಂದು ಕಟ್ಟು ಪತ್ರ ಸಿಕ್ತು, ಎಲ್ಲಾ ಸಮರ್ಕಂದದ ಕಡೆಯ ಸೊಗ್ದಿಯನ್ ವ್ಯಾಪಾರಿ ಮನೆತನದವರದ್ದು, 4ನೇ ಶತಮಾನದ ಆರಂಭದ್ದು, ಎಲ್ಲಾ ಕಾಗದದ ಮೇಲೆ. ಅದರಲ್ಲಿ ಒಂದು ಸಮರ್ಕಂದಕ್ಕೆ ಹೋಗಬೇಕಾಗಿದ್ದ ಪತ್ರ. ಇನ್ನೊಂದು, ಗಂಡ ದುನ್‌ಹುವಾಂಗ್‌ನಲ್ಲಿ ಬಿಟ್ಟು ಹೋದ ಮಿವ್ನಾಯ್ ಅನ್ನೋ ಹೆಂಗಸು ಅವನಿಗೇ ಸಿಟ್ಟಲ್ಲಿ ಬರೆದಿದ್ದು. ಅಂದ್ರೆ ತಲಾಸ್ ಯುದ್ಧಕ್ಕೆ ನಾನೂರು ವರ್ಷ ಮೊದಲೇ ಆ ದಾರೀಲಿ ಜನ ಮನೆ ಜಗಳಕ್ಕೂ ಕಾಗದ ಬಳಸ್ತಿದ್ರು ಕಣ್ರೀ. ವ್ಯಾಪಾರಿಗಳು, ಭಿಕ್ಷುಗಳು ನಡೆದ ದಾರೀಲೇ ಅದು ನಿಧಾನವಾಗಿ ಪಶ್ಚಿಮಕ್ಕೆ ಬಂದಿದ್ದು. ನಾವು ಹೇಳೋ "ಕಾಗದ" ಕೂಡ ಪರ್ಷಿಯನ್ನಿನಿಂದ ಬಂದ ಪದ.

ದಾರೀಲಿ ಕಾಗದವೂ ಬದಲಾಯ್ತು. ಚೀನಾದಲ್ಲಿ ಹಿಪ್ಪುನೇರಳೆ ತೊಗಟೆಯಂಥ ನಾರು ಸಿಗ್ತಿತ್ತು, ಒಣ ನೆಲದಲ್ಲಿ ಅದೆಲ್ಲಿ ತರೋದು? ಅಗಸೆ ನಾರಿನ ಬಟ್ಟೆ, ಸೆಣಬಿನ ಹಗ್ಗ, ಹೀಗೆ ಹರಿದು ಮೂಲೆಗೆ ಬಿದ್ದ ಚಿಂದಿಯನ್ನೇ ನೆನೆಸಿ, ನಾರು ನಾರಾಗಿ ಬಿಡೋ ತನಕ ಕುಟ್ಟಿ, ನೀರಲ್ಲಿ ಕದಡಿ, ಜಾಲರಿಯಲ್ಲಿ ಎತ್ತಿ ಒಣಗಿಸ್ತಿದ್ರು. ಅಷ್ಟಕ್ಕೇ ಬಿಟ್ರೆ ಶಾಯಿ ಹರಡುತ್ತೆ. ಅದಕ್ಕೆ ಹಾಳೆಗೆ ಗಂಜಿ ಹಚ್ಚಿ, ನುಣುಪು ಕಲ್ಲಲ್ಲಿ ಉಜ್ಜಿ ಹೊಳಪು ಕೊಡ್ತಿದ್ರು. ಈ ಗಂಜಿ ವಿಷಯ ನೆನಪಿಟ್ಕೊಳ್ಳಿ.

8ನೇ ಶತಮಾನದ ಕೊನೆಗೆ ಬಗ್ದಾದಿನಲ್ಲಿ ಕಾಗದ ತಯಾರಾಗೋಕೆ ಶುರುವಾಯ್ತು, ಹಾರೂನ್ ಅಲ್ ರಶೀದ್ ಆಳ್ತಿದ್ದ ಕಾಲ. ಅಲ್ಲಿಯ ದಿವಾನ್ ಅನ್ನೋ ಸರ್ಕಾರಿ ಕಚೇರಿಗಳು ಅದನ್ನ ಯಾಕೆ ಹಿಡಿದವು ಅನ್ನೋದಕ್ಕೆ ಅಲ್‌ಕಲ್‌ಕಶಂದಿ ಅನ್ನೋ ಲೇಖಕರು ಕೊಡೋ ಕಾರಣ ನಂಗೆ ತುಂಬಾ ಇಷ್ಟ. ಚರ್ಮದ ಹಾಳೆ ಮೇಲೆ ಬರೆದಿದ್ದನ್ನ ಅಳಿಸಿ ಬೇರೆ ಬರೀಬಹುದು, ಆದ್ರೆ ಕಾಗದ ಅಳಿಸಿದ್ರೆ ಹಾಳಾಗುತ್ತೆ, ಕೆರೆದ್ರೆ ಕೆರೆದಿದ್ದು ಕಾಣುತ್ತೆ, ಅದಕ್ಕೇ ಹಾರೂನ್ ಕಾಗದದ ಮೇಲೇ ಬರೀಬೇಕು ಅಂತ ಆಜ್ಞೆ ಮಾಡಿದ ಅಂತ. ಅಲ್‌ಕಲ್‌ಕಶಂದಿ ಆರು ಶತಮಾನ ಆಮೇಲಿನವರು, ಒಪ್ತೀನಿ. ಆದ್ರೆ ಅವರು ಸ್ವತಃ ಕೈರೋದ ಸರ್ಕಾರಿ ಬರವಣಿಗೆ ಕಚೇರಿಯಲ್ಲಿ ದುಡಿದವರು, ಯಾವ ಹಾಳೆ ಹೇಗೆ ಮೋಸ ಮಾಡುತ್ತೆ ಅಂತ ಬಲ್ಲವರು. ಚರ್ಮ ಗಟ್ಟಿ, ಅದರ ಮೇಲಿನ ಅಕ್ಷರವನ್ನ ಚಾಕುವಿನಿಂದ ಹೆರೆದು ನುಣುಪು ಮಾಡಬಹುದು. ಈಜಿಪ್ಟಿನ ಜೊಂಡಿನಿಂದ ಮಾಡ್ತಿದ್ದ ಪಪೈರಸ್ ಹಾಳೆ ಮೇಲಿನ ಮಸಿಯನ್ನ ಒದ್ದೆ ಸ್ಪಂಜಿನಲ್ಲಿ ಒರೆಸಬಹುದು. ಕಾಗದದಲ್ಲಿ ಶಾಯಿ ನಾರಿನ ಒಳಗೆ ಇಳಿದಿರುತ್ತೆ.

ಈಗ ನಮ್ಮನೆ ಕತೆ. ಅಜ್ಜನ ಕಾಲದ ಲೆಕ್ಕದ ಪುಸ್ತಕದಲ್ಲಿ ನಮ್ಮ ಹಿತ್ತಲ ಹೊಲ 1 ಎಕರೆ 8 ಗುಂಟೆ ಅಂತ ಇತ್ತು. ಯಾರೋ ಒಬ್ಬರು ಬ್ಲೇಡಿನಲ್ಲಿ 8 ಕೆರೆದು 3 ಮಾಡಿದ್ರು. ಅಪ್ಪ ಆ ಹಾಳೆಯನ್ನ ಕಿಟಕಿ ಬೆಳಕಿಗೆ ಹಿಡಿದು "ಬಾರೋ ಮಗಾ, ಇಲ್ಲಿ ನೋಡು" ಅಂದ್ರು, ನಂಗೆ ಹನ್ನೆರಡು ವರ್ಷ. ಆ ಅಂಕಿ ಇದ್ದ ಜಾಗ ಮಾತ್ರ ತೆಳ್ಳಗೆ, ಬೆಳಕು ಹೆಚ್ಚು ಹಾಯ್ತಿತ್ತು, ಬೆರಳು ಆಡಿಸಿದ್ರೆ ನಾರು ಎದ್ದು ತರಿ ತರಿ. ಮೇಲಿನ ಪದರ ಕೆರೆದು ಹೋದಾಗ ಶಾಯಿಯನ್ನ ತಡೆಯೋ ಆ ಗಂಜಿ ಥರದ ಲೇಪವೂ ಹೋಗಿರುತ್ತಲ್ಲ, ಅದಕ್ಕೆ ಹೊಸ 3ರ ಅಂಚೆಲ್ಲಾ ಬೇರು ಬಿಟ್ಟ ಹಾಗೆ ಹರಡಿತ್ತು, ಪಕ್ಕದ 1 ಮಾತ್ರ ಗೆರೆ ಕೊರೆದ ಹಾಗೆ ನೀಟಾಗಿತ್ತು. ಹೊಲ ನಮಗೆ ವಾಪಸ್ ಬರಲಿಲ್ಲ, ಆ ನೋವು ಇವತ್ತಿಗೂ ಇದೆ. ಆದ್ರೆ ಸುಳ್ಳು ಅಂತ ಸಾಬೀತಾಗಿದ್ದು ಆ ಹಾಳೆಯಿಂದಲೇ.

"ಅಲ್ಲಪ್ಪಾ, ಬೆಲೆ ಮುಖ್ಯ ಅಲ್ವಾ?" ಅಂತ ಕೇಳ್ತೀರಿ. ಪುಸ್ತಕಕ್ಕೆ ಮುಖ್ಯ, ಖಂಡಿತ. ಚರ್ಮದ ಹಾಳೆ ಬೇಕಂದ್ರೆ ಕುರಿ, ಕರು ಸಾಯಬೇಕು, ಚಿಂದಿ ಎಲ್ಲಾ ಊರಲ್ಲೂ ಸಿಗುತ್ತೆ. 9ನೇ ಶತಮಾನದ ಬಗ್ದಾದಿನ ವರ್ರಾಕರ ಬೀದಿಯಲ್ಲಿ ನೂರಕ್ಕೂ ಹೆಚ್ಚು ಅಂಗಡಿ ಇದ್ವು ಅಂತ ಅದೇ ಕಾಲದ ಲೇಖಕ ಯಾಕೂಬಿ ಬರೀತಾರೆ. ವರ್ರಾಕ ಅಂದ್ರೆ ಕಾಗದ ಮಾರೋನೂ ಅವನೇ, ಪುಸ್ತಕ ನಕಲು ಮಾಡಿ ಮಾರೋನೂ ಅವನೇ. ಅದೇ ಕಸುಬಿನ ಇಬ್ನ್ ಅಲ್ ನದೀಮ್ 987ರ ಹೊತ್ತಿಗೆ ಅರಬ್ಬಿಯಲ್ಲಿ ಸಿಗೋ ಪುಸ್ತಕಗಳದ್ದೇ ಒಂದು ದೊಡ್ಡ ಪಟ್ಟಿ ಮಾಡಿದ್ರು. ಹಾಗೆ ಪಟ್ಟಿ ಮಾಡಬೇಕು ಅನ್ನಿಸೋವಷ್ಟು ಪುಸ್ತಕ ಹುಟ್ಟಿದ್ದು ಕಾಗದದಿಂದ. ಆದ್ರೆ ದಾಖಲೆ ಬೇರೆ ವಿಷಯ. ಬರೀ ಅಗ್ಗ ಅಂತಲೇ ಎಲ್ಲರೂ ಹಿಡಿಯೋ ಹಾಗಿದ್ರೆ 1231ರಲ್ಲಿ ಚಕ್ರವರ್ತಿ ಎರಡನೇ ಫ್ರೆಡೆರಿಕ್ ಸಿಸಿಲಿ ರಾಜ್ಯದಲ್ಲಿ ಸಾರ್ವಜನಿಕ ಪತ್ರಗಳನ್ನ ಕಾಗದದ ಮೇಲೆ ಬರೀಬಾರದು ಅಂತ ಯಾಕೆ ಕಾನೂನು ಮಾಡ್ತಿದ್ದ? ಕಾಗದ ಬಾಳಿಕೆ ಬರಲ್ಲ ಅನ್ನೋ ಭಯ. ಅದೇ ಶತಮಾನದಲ್ಲಿ ಸ್ಪೇನ್ ಕಡೆಯ ಅರಗಾನ್ ರಾಜ್ಯದ ರಾಜ ಜೌಮೆ, ಮುಸ್ಲಿಮರು ಕಾಗದ ಮಾಡ್ತಿದ್ದ ಶಾತಿವಾ ಊರು ಗೆದ್ದುಕೊಂಡ ಮೇಲೆ, ಹೊರಗೆ ಕಳಿಸೋ ಪತ್ರಗಳ ನಕಲನ್ನ ಕಾಗದದ ರಿಜಿಸ್ಟರುಗಳಲ್ಲಿ ಇಡೋಕೆ ಶುರು ಮಾಡಿಸಿದ. ಅವು ಇವತ್ತಿಗೂ ಬಾರ್ಸಿಲೋನಾದಲ್ಲಿ ಇವೆ. ಗುಟೆನ್‌ಬರ್ಗ್ ಇನ್ನೂ ಹುಟ್ಟೇ ಇರಲಿಲ್ಲ.

ನಮ್ಮ ಕಡೆ ಇನ್ನೊಂದು ಥರ. ಬಟ್ಟೆಗೆ ಹುಣಸೆ ಬೀಜದ ಗಂಜಿ, ಇದ್ದಿಲ ಪುಡಿ ಬಳಿದು, ಮಡಚಿ ಮಡಚಿ ಕಟ್ಟಿ, ಬಳಪದಲ್ಲಿ ಬರೀತಿದ್ದ ಕಡತ ನೆನಪಿದ್ಯಾ, ಶೃಂಗೇರಿ ಮಠದಲ್ಲಿ ಅಂಥವು ಇವೆ. ಒರೆಸಿ ಮತ್ತೆ ಬರೀಬಹುದು. ಸರ್ಕಾರಿ ಕಚೇರಿ ಫೈಲಿಗೆ ನಾವು ಇವತ್ತಿಗೂ ಅದೇ ಹೆಸರು ಹೇಳ್ತೀವಿ.

ಭಾಷಣಕಾರರು ಹೇಳದೇ ಬಿಟ್ಟಿದ್ದರಲ್ಲಿ ನಂಗೆ ತುಂಬಾ ಬೇಜಾರಾಗಿದ್ದು ಮಂಗಳೂರಿನ ವಿಷಯ. 1132ರ ಹೊತ್ತಿಗೆ ಅಬ್ರಹಾಂ ಬೆನ್ ಯಿಜು ಅನ್ನೋ ಟುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಮಂಗಳೂರಲ್ಲಿ ಇದ್ದರು, ಹಿತ್ತಾಳೆ, ಕಂಚಿನ ಪಾತ್ರೆ ಮಾಡಿಸೋ ಕಾರ್ಖಾನೆ ಇತ್ತು. ಯೆಮೆನಿನ ಏಡನ್‌ನಲ್ಲಿದ್ದ ಗೆಳೆಯರು ಹಡಗಲ್ಲಿ ಅವರಿಗೆ ಸಕ್ಕರೆ, ಒಣದ್ರಾಕ್ಷಿ ಜೊತೆ ಒಳ್ಳೆ ಈಜಿಪ್ಟಿನ ಕಾಗದವನ್ನೂ ಉಡುಗೊರೆಯಾಗಿ ಕಳಿಸ್ತಿದ್ರು. ಇಲ್ಲಿ ಓಲೆಗರಿ ಬೇಕಾದಷ್ಟು, ಅವರಿಗೆ ಬೇಕಾದ ಕಾಗದ ಮಾತ್ರ ಪಶ್ಚಿಮದಿಂದ ಸಮುದ್ರ ದಾಟಿ ಬರಬೇಕಿತ್ತು. ಅದಕ್ಕೇ ಬಂದ ಪತ್ರಗಳ ಖಾಲಿ ಜಾಗ, ಬೆನ್ನು ಯಾವುದನ್ನೂ ಅವರು ಬಿಡ್ತಿರಲಿಲ್ಲ, ತಮ್ಮ ಲೆಕ್ಕ, ಟಿಪ್ಪಣಿ ಅಲ್ಲೇ ಗೀಚ್ತಿದ್ರು. ಆ ಚೂರುಗಳು ಹಳೇ ಕೈರೋದ ಒಂದು ಸಿನಗಾಗ್, ಅಂದ್ರೆ ಯಹೂದಿ ಪ್ರಾರ್ಥನಾ ಮಂದಿರದ ಕೋಣೆ ಸೇರಿ, ಅಲ್ಲಿಂದ ಈಗ ಹೆಚ್ಚಿನವು ಕೇಂಬ್ರಿಡ್ಜ್‌ನಲ್ಲಿ ಇವೆ. ಒಂದು ಕಡೆ ಏಡನ್‌ನಿಂದ ಬಂದ ಗೆಳೆಯನ ಮಾತು, ತಿರುಗಿಸಿದ್ರೆ ಇವರದೇ ಕೈಬರಹದ ಲೆಕ್ಕ.