ಹಿತ್ತಾಳೆ ದುಬಾರಿಯಾದ ಮಾರ್ಚ್: ಬೆಲೆ ವ್ಯತ್ಯಾಸ ಖರ್ಚಿಗೋ, ಸ್ಟಾಕಿಗೋ?

ಪುಣೆ ಹತ್ತಿರದ ಭೋಸರಿ, ಚಾಕಣ್, ಪಿಂಪ್ರಿ ಕಡೆಯ ಕಾರ್ಖಾನೆಗಳ ಅಕೌಂಟ್ಸ್ ವಿಭಾಗದಲ್ಲಿ ನಮ್ಮ ಬೆಳಗಾವಿ, ವಿಜಯಪುರ, ಕಲಬುರ್ಗಿ ಕಡೆಯವರು ಇದ್ದಾರೆ. ಮಾರ್ಚ್ ಮುಗಿಯುವ ಹೊತ್ತಿಗೆ ಅವರ ನಡುವೆ ಏಳುವ ಒಂದು ವಾದವನ್ನು ಇಲ್ಲಿ ಎರಡೂ ಕಡೆಯಿಂದ ಬರೆಯುತ್ತಿದ್ದೇನೆ.

ಲೆಕ್ಕ ಸುಲಭವಾಗಲಿ ಎಂದು ಒಂದು ಉದಾಹರಣೆ ಹಿಡಿಯೋಣ. ಭೋಸರಿಯ ಒಂದು ಘಟಕ ಹಿತ್ತಾಳೆ ರಾಡ್ ತಂದು ಪೈಪ್ ಫಿಟ್ಟಿಂಗ್ ಮಾಡುತ್ತದೆ. ರಾಡ್‌ನ ಸ್ಟ್ಯಾಂಡರ್ಡ್ ದರ ಕಿಲೋಗೆ 500 ರೂಪಾಯಿ ಎಂದು ವರ್ಷದ ಆರಂಭದಲ್ಲೇ ಗೊತ್ತುಮಾಡಿದ್ದಾರೆ. ಮಾರ್ಚ್‌ನಲ್ಲಿ 10,000 ಕಿಲೋ ಕೊಂಡರು, ಕೊಟ್ಟದ್ದು 540. ಗೋಡೌನಿಗೆ ಮಾಲು ಬಂದಾಗ ಪುಸ್ತಕದಲ್ಲಿ ಸ್ಟಾಕ್ ಏರುವುದು 500ರ ಲೆಕ್ಕದಲ್ಲೇ, ಅಂದರೆ 50 ಲಕ್ಷ. ಸಪ್ಲೈಯರ್‌ಗೆ ಕೊಡಬೇಕಾದದ್ದು 54 ಲಕ್ಷ. ನಡುವಿನ 4 ಲಕ್ಷ ಖರೀದಿ ಬೆಲೆ ವ್ಯತ್ಯಾಸದ ಖಾತೆಗೆ ಹೋಗಿ ಕೂರುತ್ತದೆ. ಮಾರ್ಚ್ 31ಕ್ಕೆ 4,000 ಕಿಲೋ ರಾಡ್ ಹಾಗೇ ಉಳಿದಿದೆ. 1,500 ಕಿಲೋ ತಯಾರಾದ ಮಾಲಾಗಿ ಶೆಲ್ಫ್ ಮೇಲಿದೆ. 4,500 ಕಿಲೋ ಮಾರಾಟವಾಗಿದೆ. ಲೇತ್‌ನಿಂದ ಬೀಳುವ ಚೂರಿನ ಲೆಕ್ಕ ಬೇರೆ, ಅದನ್ನು ಸದ್ಯಕ್ಕೆ ಬಿಡೋಣ.

ಪ್ರಶ್ನೆ ಇಷ್ಟೇ: ಆ 4 ಲಕ್ಷವನ್ನು ಪೂರ್ತಿ ಮಾರ್ಚ್ ತಿಂಗಳ ಖರ್ಚಿಗೇ ಹಾಕಬೇಕಾ?

ಪರ: ಹಾಕಬೇಕು, ಆ ತಿಂಗಳಲ್ಲೇ

ಸ್ಟ್ಯಾಂಡರ್ಡ್ ದರ ಇಟ್ಟುಕೊಳ್ಳುವುದೇ ಸ್ಟಾಕಿಗೆ ಒಂದು ಸ್ಥಿರ ಬೆಲೆ ಇರಲಿ ಎಂದು. ಪ್ರತಿ ಲಾರಿಗೂ ರಾಡ್‌ನ ಬೆಲೆ ಬದಲಾದರೆ ಫಿಟ್ಟಿಂಗ್‌ನ ವೆಚ್ಚವೂ ಬದಲಾಗುತ್ತದೆ. ಆಗ ಶಾಪ್‌ನಲ್ಲಿ ಕೆಲಸ ಚೆನ್ನಾಗಿ ನಡೆಯಿತಾ, ಇಲ್ಲ ಪೇಟೆಯಲ್ಲಿ ಹಿತ್ತಾಳೆ ದುಬಾರಿಯಾಯಿತಾ ಎಂದು ಬಿಡಿಸಿ ನೋಡಲು ಆಗುವುದಿಲ್ಲ. ವ್ಯತ್ಯಾಸವನ್ನು ಬೇರೆ ಖಾತೆಗೆ ಎಳೆದಾಗ ಎರಡೂ ತಾವಾಗಿಯೇ ಬೇರೆಯಾಗುತ್ತವೆ.

ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ. ಕಿಲೋಗೆ 40 ರೂಪಾಯಿ ಯಾಕೆ ಜಾಸ್ತಿ ಆಯಿತು ಎಂದು ಕೇಳಬೇಕಾದದ್ದು ಮಾಲು ಬಂದ ವಾರದಲ್ಲಿ. ಅದರಲ್ಲಿ 25 ರೂಪಾಯಿ ಪೇಟೆಯ ಏರಿಕೆ, ಉಳಿದ 15 ರೂಪಾಯಿ ಪ್ಲಾನಿಂಗ್ ತಡವಾಗಿ, ಮಿಲ್ ಬಿಟ್ಟು ಸ್ಥಳೀಯ ವ್ಯಾಪಾರಿಯಿಂದ ಅವಸರದಲ್ಲಿ ಕೊಂಡದ್ದಕ್ಕೆ ಎಂದು ತಿಳಿಯಿತು ಅನ್ನಿ. ಆ 15 ರೂಪಾಯಿ, ಅಂದರೆ 1,50,000, ನಮ್ಮ ತಪ್ಪಿನ ಬೆಲೆ. ಅದನ್ನು ಗೋಡೌನಿನ ರಾಡ್ ಮೇಲೆ ಹಂಚಿದರೆ ತಪ್ಪು ಆಸ್ತಿಯಾಗಿ ಕಾಣುತ್ತದೆ. ಗಿರಾಕಿ ಆ ಅವಸರಕ್ಕೆ ಒಂದು ಪೈಸೆಯೂ ಜಾಸ್ತಿ ಕೊಡುವುದಿಲ್ಲ ಅಲ್ವಾ?

ತಪ್ಪು ನಮೂದುಗಳು ಸಿಕ್ಕಿಬೀಳುವುದೂ ಹೀಗೆಯೇ. ಕ್ರೆಡಿಟ್ ಸಿಗುವ ಜಿಎಸ್‌ಟಿಯನ್ನು ಸೇರಿಸಿ ಆರ್ಡರ್‌ನಲ್ಲಿ ದರ ಹಾಕಿದರೆ, ವ್ಯತ್ಯಾಸ ಸರಿಯಾಗಿ ತೆರಿಗೆಯ ಶೇಕಡಾವಾರಿನಷ್ಟೇ ಬರುತ್ತದೆ. ಕಿಲೋ ಬದಲು ಟನ್ ದರ ಹೊಡೆದಿದ್ದರೆ ಸಾವಿರ ಪಟ್ಟು ಕಾಣುತ್ತದೆ. ತಿಂಗಳ ಖರ್ಚಿನಲ್ಲಿ ಅಂಥ ಅಂಕಿ ಬಂದರೆ ಮ್ಯಾನೇಜರ್ ಅವತ್ತೇ ಫೋನ್ ಮಾಡುತ್ತಾರೆ. ಸ್ಟಾಕಿನೊಳಗೆ ಹಂಚಿಹೋದರೆ ಯಾರಿಗೂ ಕಾಣುವುದಿಲ್ಲ.

ಸ್ಟಾಕ್ ಬೇಗ ಬೇಗ ತಿರುಗುವ ಕಾರ್ಖಾನೆಯಲ್ಲಂತೂ ಹಂಚಿಕೆಯಿಂದ ಬದಲಾಗುವುದು ತೀರಾ ಸ್ವಲ್ಪ. ಅದಕ್ಕಾಗಿ ಪ್ರತಿ ತಿಂಗಳು ಎರಡು ದಿನ ಎಕ್ಸೆಲ್ ಮುಂದೆ ಕೂರುವುದು ಸುಮ್ನೆ ದಂಡ.

ವಿರೋಧ: ಉಳಿದ ಮಾಲಿನ ಪಾಲು ಸ್ಟಾಕಿಗೇ ಸೇರಬೇಕು

ಮೊದಲು ಅಂಕಿಗಳನ್ನು ಹಂಚಿ ನೋಡೋಣ. ಕಿಲೋಗೆ 40ರಂತೆ ಉಳಿದ ರಾಡ್‌ಗೆ 1,60,000, ಶೆಲ್ಫ್ ಮೇಲಿನ ಮಾಲಿಗೆ 60,000, ಮಾರಾಟವಾದದ್ದಕ್ಕೆ 1,80,000. ಮಾರ್ಚ್‌ನ ಖರ್ಚು ಆ ಕೊನೆಯದು ಮಾತ್ರ. ಪೂರ್ತಿ 4 ಲಕ್ಷ ಖರ್ಚಿಗೆ ಹಾಕಿದರೆ ಲಾಭ 2,20,000 ಕಡಿಮೆ ಕಾಣುತ್ತದೆ. 54 ಲಕ್ಷ ಕೊಟ್ಟು ತಂದ ಮಾಲಿನಲ್ಲಿ ಉಳಿದ ರಾಡ್ ಪುಸ್ತಕದಲ್ಲಿ 20 ಲಕ್ಷಕ್ಕೆ ಕೂರುತ್ತದೆ, ಅದಕ್ಕೆ ನಿಜವಾಗಿ ಕೊಟ್ಟದ್ದು 21,60,000.

ಆ 2,20,000 ಎಲ್ಲಿಗೂ ಹೋಗಿಲ್ಲ, ಏಪ್ರಿಲ್‌ಗೆ ಕಾಯುತ್ತಿದೆ. ಉಳಿದ ಮಾಲು ಏಪ್ರಿಲ್‌ನಲ್ಲಿ ಮಾರಾಟವಾದಾಗ ವೆಚ್ಚ 500ರಂತೆ ಇಳಿಯುತ್ತದೆ, ಲಾಭ ಅಷ್ಟೇ ಜಾಸ್ತಿ ಕಾಣುತ್ತದೆ. ಏಪ್ರಿಲ್ 1ಕ್ಕೆ ಸ್ಟ್ಯಾಂಡರ್ಡ್ ದರವನ್ನು 540ಕ್ಕೆ ಏರಿಸಿದರೂ ತಪ್ಪಿಸಿಕೊಳ್ಳಲಾಗುವುದಿಲ್ಲ. ಸಿಸ್ಟಮ್ ಉಳಿದ ಮಾಲಿನ ಬೆಲೆಯನ್ನು ಏರಿಸಿ, 2,20,000 ಮರುಮೌಲ್ಯದ ಲಾಭ ಎಂದು ತೋರಿಸುತ್ತದೆ. ಒಂದು ವರ್ಷದ ಖರ್ಚು ಇನ್ನೊಂದು ವರ್ಷದ ಲಾಭವಾಯಿತು. ಫಿಟ್ಟಿಂಗ್ ಅದೇ, ಗಿರಾಕಿ ಅದೇ.

ಬೆಲೆ ಇಳಿದ ತಿಂಗಳಲ್ಲಿ ಇದು ಇನ್ನೂ ಅಪಾಯ. ರಾಡ್ 460ಕ್ಕೆ ಸಿಕ್ಕಿತು ಅನ್ನಿ. ಪುಸ್ತಕದಲ್ಲಿ ಸ್ಟಾಕ್ 500ರಲ್ಲೇ ಕೂರುತ್ತದೆ, 4 ಲಕ್ಷ ಲಾಭದ ಕಡೆ ಬರುತ್ತದೆ. ಒಂದು ಫಿಟ್ಟಿಂಗ್ ಮಾರದೆಯೂ ಬರೀ ಕೊಂಡದ್ದಕ್ಕೆ ಲಾಭ! ಗೋಡೌನ್ ತುಂಬ ಕೊಂಡಷ್ಟೂ ಲಾಭ ಏರುತ್ತದೆ. ಖರೀದಿಯವರ ಇನ್ಸೆಂಟಿವ್ ಈ ಅಂಕಿಗೆ ಕಟ್ಟಿದ್ದರೆ ಬೇಡದ ರಾಡ್ ಬಂದು ಬೀಳುವುದು ಖಂಡಿತ.

ಲೆಕ್ಕದ ನಿಯಮವೂ ಇಲ್ಲಿ ಮಾತನಾಡುತ್ತದೆ. ಸ್ಟಾಕಿನ ಮೌಲ್ಯಕ್ಕೆ ಇರುವ ಇಂಡ್ ಎಎಸ್ 2 ಎಂಬ ನಿಯಮ, ಸ್ಟ್ಯಾಂಡರ್ಡ್ ದರವನ್ನು ಅನುಕೂಲಕ್ಕಾಗಿ ಬಳಸಬಹುದು ಎನ್ನುತ್ತದೆ, ಆದರೆ ಫಲಿತಾಂಶ ನಿಜವಾದ ವೆಚ್ಚಕ್ಕೆ ಹತ್ತಿರ ಇರಬೇಕು. ದರವನ್ನು ಆಗಾಗ ನೋಡಿ, ಬೇಕಾದರೆ ತಿದ್ದಬೇಕು ಎಂದೂ ಹೇಳುತ್ತದೆ. ಶೇಕಡಾ 8ರಷ್ಟು ಸರಿದ ದರ ಹತ್ತಿರ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಇನ್ನು ಅವಸರದ 15 ರೂಪಾಯಿ. ನಿಯಮ ಸ್ಟಾಕಿನಿಂದ ಹೊರಗಿಡಿ ಎನ್ನುವುದು ಅಸಹಜ ಪ್ರಮಾಣದ ಪೋಲನ್ನು. ದುಬಾರಿ ದರಕ್ಕೆ ಕೊಂಡರೂ ಕೊಟ್ಟ ಬೆಲೆ ವೆಚ್ಚವೇ. ಮಾಲು ಮಾರಿದರೆ ಕೈಗೆ ಬರುವ ಮೊತ್ತ ಆ ವೆಚ್ಚಕ್ಕಿಂತ ಕಡಿಮೆ ಎಂದಾದರೆ ಆಗ ಸ್ಟಾಕನ್ನು ಅಲ್ಲಿಗೆ ಇಳಿಸಬೇಕು. ಅದು ಬೇರೆ ಪರೀಕ್ಷೆ, ಅದನ್ನು ಬೇರೆಯಾಗಿಯೇ ಮಾಡಬೇಕು.

ಖರೀದಿಯವರನ್ನು ಕೇಳಬೇಕು ಎಂಬ ಮಾತು ಪೂರ್ತಿ ಸರಿ. ಆದರೆ ಕೇಳಲು ವರದಿ ಸಾಕು. ತಿಂಗಳ ವರದಿಯಲ್ಲಿ 4 ಲಕ್ಷ ಪೂರ್ತಿ ತೋರಿಸಿ, 25 ಮತ್ತು 15 ಎಂದು ಬಿಡಿಸಿ. ಸ್ಟಾಕಿನ ಮೌಲ್ಯವನ್ನು ಅದಕ್ಕಾಗಿ ಕೆಡಿಸಬೇಕಿಲ್ಲ.

ಹಂಚುವಾಗ ಜಾರುವ ಜಾಗ ಒಂದಿದೆ. ಇಡೀ ವರ್ಷದ ವ್ಯತ್ಯಾಸವನ್ನು ಕೂಡಿಸಿ, ಉಳಿದ ಸ್ಟಾಕಿನ ಅನುಪಾತಕ್ಕೆ ಹಂಚುವವರು ಬಹಳ. ವರ್ಷದ ಮೊದಲಲ್ಲಿ ಅಗ್ಗಕ್ಕೆ ಕೊಂಡು 5 ಲಕ್ಷ ಉಳಿದಿತ್ತು, ಮಾರ್ಚ್‌ನಲ್ಲಿ 4 ಲಕ್ಷ ಜಾಸ್ತಿ ಹೋಯಿತು ಅನ್ನಿ. ಕೂಡಿಸಿದರೆ 1 ಲಕ್ಷ ಉಳಿತಾಯ, ಅದನ್ನು ಹಂಚಿದರೆ ಸ್ಟಾಕಿನ ಬೆಲೆ 500ಕ್ಕಿಂತ ಕೆಳಗೆ ಇಳಿಯುತ್ತದೆ. ಮೊದಲು ಬಂದದ್ದು ಮೊದಲು ಹೋಗುವ ಗೋಡೌನಿನಲ್ಲಿ ಉಳಿದಿರುವುದೆಲ್ಲ ಮಾರ್ಚ್‌ನ ರಾಡ್, 540ರದ್ದು. ಅಗ್ಗದ ರಾಡ್ ಯಾವತ್ತೋ ಫಿಟ್ಟಿಂಗ್ ಆಗಿ ಮಾರಿಹೋಗಿದೆ. ಹಾಗಾಗಿ ಮೊದಲು ಉಳಿದ ಮಾಲು ಎಷ್ಟು ದಿನದ್ದು ನೋಡಿ, ಅಷ್ಟು ದಿನದ ಬಿಲ್ಲುಗಳ ವ್ಯತ್ಯಾಸವನ್ನು ಮಾತ್ರ ಅದಕ್ಕೆ ಸೇರಿಸಬೇಕು. ಸಾಮಾನ್ಯವಾಗಿ ಇದು ಕೊನೆಯ ಕೆಲವು ಬಿಲ್ಲುಗಳ ಮಾತು. ದರ ಹೆಚ್ಚು ಆಡುವ ಹತ್ತಾರು ಐಟಂಗಳಿಗೆ ಮಾಡಿದರೆ ಸಾಕು, ಬೋಲ್ಟ್-ನಟ್‌ಗೆಲ್ಲ ಬೇಕಿಲ್ಲ.