ಬೀಳ್ಕೊಡುಗೆ ಭಾಷಣವನ್ನು ಪೂರ್ತಿ ಬರೆದುಕೊಂಡು ಓದಬೇಕೇ?

ಹಳ್ಳಿಯ ಪ್ರೌಢಶಾಲೆ. ಗಣಿತದ ಮೇಷ್ಟ್ರು ನಿವೃತ್ತರಾಗುತ್ತಿದ್ದಾರೆ. ಸಹೋದ್ಯೋಗಿಯಾಗಿ ನೀವು ಎಂಟು ನಿಮಿಷ ಮಾತಾಡಬೇಕು. ಮುಂದೆ ಜಮಖಾನದ ಮೇಲೆ ಮಕ್ಕಳು, ಹಿಂದೆ ಕುರ್ಚಿಗಳಲ್ಲಿ ಊರಿನವರು, ಮೇಷ್ಟ್ರ ಮನೆಯವರು. ಕೈಯಲ್ಲಿ ಏನಿರಬೇಕು? ಪೂರ್ತಿ ಬರಹವೇ, ನಾಲ್ಕಾರು ಚೀಟಿಗಳೇ, ಬರೀ ಅಂಶಗಳ ಪಟ್ಟಿಯೇ? ಇಂಥ ಸಭೆಗಳಲ್ಲಿ ನಾನು ಮೂರನ್ನೂ ಹಿಡಿದು ನಿಂತಿದ್ದೇನೆ. ಹಾಗಾಗಿ ಎರಡೂ ಕಡೆಯ ಮಾತನ್ನು ಬರೆಯುತ್ತಿದ್ದೇನೆ.

ಪರ

ಬೀಳ್ಕೊಡುಗೆಯಲ್ಲಿ ಗಂಟಲು ಕಟ್ಟುತ್ತದೆ. ಮೊದಲ ಸಲ ನಾನು ಐದು ಪದಗಳ ಪಟ್ಟಿ ಹಿಡಿದು ಹೋಗಿದ್ದೆ. ಮೂರನೆಯ ಪದ ‘ಶಿಸ್ತು’. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಕಣ್ಣೊರೆಸಿಕೊಂಡಿದ್ದು ಕಂಡಿತು. ನನ್ನ ತಲೆ ಖಾಲಿಯಾಯಿತು. ಶಿಸ್ತು ಎಂಬ ಪದದಿಂದ ಯಾವ ಘಟನೆಯೂ ನೆನಪಾಗಲಿಲ್ಲ. ಅವರು ಶಾಲೆಗೆ ಬಂದ ವರ್ಷವನ್ನೂ ತಪ್ಪಾಗಿ ಹೇಳಿದೆ. ಪಾಪ, ಅವರೇ ಕುಳಿತಲ್ಲಿಂದ ತಿದ್ದಿದರು.

ಅನುಭವಸ್ಥರಿಗೂ ಇದು ತಪ್ಪಿದ್ದಲ್ಲ. 1904ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಚರ್ಚಿಲ್ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ನಡುವೆಯೇ ಮರೆತು, ಮುಗಿಸಲಾಗದೆ ಕುಳಿತುಬಿಟ್ಟರು. ಆಮೇಲೆ ಅವರು ವಿವರವಾದ ಟಿಪ್ಪಣಿ ಹಿಡಿದೇ ನಿಲ್ಲುತ್ತಿದ್ದರು.

ಬರೆದಿದ್ದರೆ ಸಮಯವೂ ಕೈಯಲ್ಲಿರುತ್ತದೆ. ವೇದಿಕೆಯಲ್ಲಿ ನಾನು ನಿಮಿಷಕ್ಕೆ ಸುಮಾರು 90 ಪದ ಹೇಳುತ್ತೇನೆ. ಎಂಟು ನಿಮಿಷಕ್ಕೆ 700 ಪದ ಸಾಕು. ಪಟ್ಟಿ ಹಿಡಿದಾಗ ಒಂದೇ ಕಥೆ ಆರು ನಿಮಿಷ ತಿಂದುಬಿಡುತ್ತದೆ.

ಓದುವುದಾದರೆ ಹಾಳೆಯನ್ನು ಓದುವುದಕ್ಕೆಂದೇ ಸಿದ್ಧಮಾಡಬೇಕು. ದಪ್ಪ ಅಕ್ಷರ, ಒಂದೇ ಮಗ್ಗುಲು, ಒಂದು ಸಾಲಿಗೆ ಒಂದು ಉಸಿರಿನಷ್ಟೇ ಮಾತು. ವಾಕ್ಯ ಅರ್ಧಕ್ಕೆ ಮುರಿದು ಮುಂದಿನ ಪುಟಕ್ಕೆ ಹೋಗಬಾರದು. ಪುಟದ ಕೆಳಗಿನ ಕಾಲು ಭಾಗ ಖಾಲಿ ಬಿಟ್ಟರೆ ತಲೆ ಜಾಸ್ತಿ ಬಗ್ಗುವುದಿಲ್ಲ. ಪಿನ್ ಹೊಡೆಯಬೇಡಿ, ಪುಟಸಂಖ್ಯೆ ಹಾಕಿ, ಓದಿದ ಹಾಳೆಯನ್ನು ಸುಮ್ನೆ ಪಕ್ಕಕ್ಕೆ ಸರಿಸಿ.

ವಿರೋಧ

ಮುಂದಿನ ಸಲ ನಾನು ಹಾಗೇ ಮಾಡಿದೆ. ಪೂರ್ತಿ ಬರೆದೆ, ತಪ್ಪಿಲ್ಲದೆ ಓದಿದೆ. ಆದರೆ ನನ್ನ ಸರದಿ ಐದನೆಯದು. ಮಳೆಗಾಲದಲ್ಲಿ ತರಗತಿ ಸೋರಿದಾಗ ಮೇಷ್ಟ್ರು ಕಾರಿಡಾರಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ರೇಖಾಗಣಿತ ಕಲಿಸಿದ ಕಥೆಯನ್ನು ಮೂರನೆಯವರು ಆಗಲೇ ಹೇಳಿದ್ದರು. ನನ್ನ ಬರಹ ನಿಂತಿದ್ದೇ ಆ ಕಥೆಯ ಮೇಲೆ. ಬಿಡಲಾಗಲಿಲ್ಲ, ಮತ್ತೆ ಓದಿದೆ. ಮಕ್ಕಳು ಪಿಸುಗುಟ್ಟತೊಡಗಿದರು. ಚೀಟಿಯಾಗಿದ್ದರೆ ಕುರ್ಚಿಯಲ್ಲಿ ಕುಳಿತಿದ್ದಾಗಲೇ ಆ ಒಂದನ್ನು ಜೇಬಿಗೆ ಹಾಕಬಹುದಿತ್ತು, ಅಲ್ವಾ?

ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಭಾಷೆಯದು. ಪೆನ್ನು ಹಿಡಿದ ಕೂಡಲೇ ನಮ್ಮ ಕನ್ನಡ ಬದಲಾಗುತ್ತದೆ. ‘ವಿದ್ಯಾರ್ಥಿಗಳ ಸರ್ವತೋಮುಖ ಬೆಳವಣಿಗೆಗೆ ಶ್ರಮಿಸಿದ್ದಾರೆ’ ಎಂದು ನಾನೇ ಬರೆದಿದ್ದೆ. ಸ್ಟಾಫ್ ರೂಮಿನಲ್ಲಿ ಅವರ ಬಗ್ಗೆ ಯಾರೂ ಹೀಗೆ ಮಾತಾಡಿಲ್ಲ. ‘ಸಂಜೆ ಬಸ್ಸು ತಪ್ಪಿದರೂ ಲೆಕ್ಕ ಬಿಡಿಸಿಯೇ ಕಳಿಸೋರು’ ಅನ್ನುತ್ತೇವೆ. ಜಮಖಾನದ ಮೇಲಿನ ಮಕ್ಕಳಿಗೆ ಮೇಷ್ಟ್ರು ಕಾಣುವುದು ಈ ಎರಡನೇ ಮಾತಿನಲ್ಲಿ. ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಭಾಷಣ ಅಚ್ಚಾಗಿ ಕೇಳುಗರ ಕೈಗೂ ಬರುತ್ತದೆ, ಅದನ್ನು ಮುಂದೆಯೂ ಓದುತ್ತಾರೆ. ಅಲ್ಲಿ ಬರಹ ಸರಿ. ಇಲ್ಲಿ ಮೇಷ್ಟ್ರು ಎದುರಿಗೇ ಕುಳಿತಿರುತ್ತಾರೆ. ಮೈಕ್ ಸ್ಟ್ಯಾಂಡ್ ಮಾತ್ರ ಇದ್ದು ಹಾಳೆ ಇಡಲು ಜಾಗವಿಲ್ಲದಿದ್ದರೆ ಕೈಯಲ್ಲಿ ಹಿಡಿದ ದೊಡ್ಡ ಹಾಳೆ ನಿಮ್ಮ ಮುಖವನ್ನೇ ಮುಚ್ಚುತ್ತದೆ.

ಗಂಟಲು ಕಟ್ಟುವುದು ನಿಜ. ನನ್ನ ಪಟ್ಟಿ ಸೋತದ್ದು ಅದರಲ್ಲಿ ಗುಣಗಳ ಹೆಸರಿದ್ದವು, ಘಟನೆಗಳಿರಲಿಲ್ಲ ಎಂಬ ಕಾರಣಕ್ಕೆ. ಈಗ ನಾನು ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ಕಾಗದದ ಆರು ಚೀಟಿ ಮಾಡುತ್ತೇನೆ. ಮೊದಲನೆಯದರಲ್ಲಿ ವೇದಿಕೆಯ ಮೇಲಿನವರ ಹೆಸರು. ಅದನ್ನು ಸಭೆ ಶುರುವಾದ ಮೇಲೆಯೇ ಬರೆಯುತ್ತೇನೆ, ಏಕೆಂದರೆ ಬರಬೇಕಾದ ಅತಿಥಿ ಎಷ್ಟೋ ಸಲ ಬದಲಾಗಿರುತ್ತಾರೆ. ಎರಡನೆಯದರಲ್ಲಿ ಮೊದಲ ವಾಕ್ಯ ಪೂರ್ತಿ, ಜೊತೆಗೆ ಸೇರಿದ ವರ್ಷ, ಸೇವೆಯ ಅವಧಿ. ನಡುವಿನ ಮೂರರಲ್ಲಿ ಒಂದೊಂದು ಘಟನೆ: ‘ಮಳೆ – ಕಾರಿಡಾರ್ – ಸೀಮೆಸುಣ್ಣ’, ಅಷ್ಟೇ. ಅದರ ಕೆಳಗೆ ಆ ಘಟನೆಯಲ್ಲಿ ಮೇಷ್ಟ್ರು ಆಡಿದ ಮಾತು, ಅವರಾಡಿದ ಹಾಗೇ. ಒಂದು ಕಥೆ ಬೇರೆಯವರ ಪಾಲಾದರೂ ಎರಡು ಉಳಿಯುತ್ತವೆ. ಮೂಲೆಗೆ ತೂತು ಹಾಕಿ ಸಡಿಲವಾಗಿ ದಾರ ಕಟ್ಟಿದರೆ ಕೈ ನಡುಗಿ ಬಿದ್ದರೂ ಅದಲುಬದಲಾಗುವುದಿಲ್ಲ.

ಹಿಂದಿನ ದಿನ ಮನೆಯಲ್ಲಿ ಯಾರಿಗಾದರೂ ಒಂದು ಚೀಟಿ ತೋರಿಸಿ, ಅದನ್ನು ನೋಡಿ ಆ ಕಥೆ ಹೇಳಿ. ಒಂದೂವರೆ ನಿಮಿಷ ತಡವರಿಸದೆ ಹೇಳಿದರೆ ಚೀಟಿ ಸರಿಯಿದೆ. ತಡವರಿಸಿದರೆ ಇನ್ನೊಂದು ಪದ ಸೇರಿಸಿ.

ಆರನೆಯ ಚೀಟಿಯಲ್ಲಿ ಮಾತ್ರ ಎರಡು ವಾಕ್ಯಗಳನ್ನು ಪೂರ್ತಿ ಬರೆಯುತ್ತೇನೆ. ಅವು ಸಭೆಗೆ ಹೇಳುವ ಮಾತಲ್ಲ. ಮೇಷ್ಟ್ರ ಕಡೆ ತಿರುಗಿ, ‘ಸರ್’ ಎಂದು ಕರೆದು, ಅವರಿಗೇ ಹೇಳುವ ಮಾತು.